ಬಸ್ ಚಾರ್ಜು ಸಂಬಳವಲ್ಲ

ಮಾನ್ಯ ಸಂಪಾದಕರೇ,
ನನಗೆ ಬೈಪೋಲಾರ್ ಕಾಯಿಲೆ ಇದೆ. ಲಿಥಿಯಂ ಮಾತ್ರೆ ತಗೊಂಡು ಕಾಫಿ ತೋಟದಲ್ಲಿ ಕೆಲಸ ಮಾಡುತ್ತಿದ್ದೇನೆ. ತೋಟದ ಕೆಲಸದವರು ಮಾನಸಿಕ ಕಾಯಿಲೆಯ ಮಾತ್ರೆ ಯಾಕೆ ಅರ್ಧಕ್ಕೆ ಬಿಡುತ್ತಾರೆ ಎಂದು ತಿಳಿಯಲು ಒಂದು ತಂಡ ಬಂದಿದೆ. ನನ್ನನ್ನು ಸಹ-ಸಂಶೋಧಕಿ ಆಗಿ ಅಂದಿದ್ದಾರೆ. ಹತ್ತು ಜನರನ್ನು ಮಾತಾಡಿಸಬೇಕು. ಬಸ್ ಚಾರ್ಜು, ಊಟ ಕೊಡುತ್ತಾರಂತೆ. ಸಂಬಳ ಕೇಳಿದರೆ ತಪ್ಪಾಗುತ್ತಾ? ಇಷ್ಟು ಮರ್ಯಾದೆ ಸಿಕ್ಕಿದ್ದೇ ಹೆಚ್ಚು, ಸುಮ್ನಿರು ಅಂತಾರೆ ಮನೆಯವರು.
– ಓದುಗರೊಬ್ಬರು, ಸಿದ್ದಾಪುರ

ಕೇಳಿ ತಾಯಿ, ಖಂಡಿತ ಕೇಳಿ. ಆದರೆ ಸಂಬಳಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಮಾತಿದೆ. ನಿಮ್ಮ ಪತ್ರದಲ್ಲಿ ಅದು ಕಾಣಲಿಲ್ಲ ಅಂತ ನನಗೆ ಸ್ವಲ್ಪ ಬೇಜಾರೂ ಆಯಿತು. ಜನರಿಗೆ ಕೇಳುವ ಪ್ರಶ್ನೆಗಳನ್ನು ಯಾರು ಬರೆದರು?

ನಿಮ್ಮದೇ ಮಾತ್ರೆಯನ್ನು ತೆಗೆದುಕೊಳ್ಳೋಣ. ಲಿಥಿಯಂ ತಗೊಳ್ಳುವ ಅನೇಕರಿಗೆ ಬಾಯಾರಿಕೆ ಜಾಸ್ತಿ, ಮೂತ್ರವೂ ಜಾಸ್ತಿ. ಕೈ ಸಣ್ಣಗೆ ನಡುಗುವುದೂ ಉಂಟು. ಈಗ ಜನವರಿಯ ರೊಬಸ್ಟಾ ಕುಯ್ಲು ನೆನಪಿಸಿಕೊಳ್ಳಿ. ಎಷ್ಟು ಕಿಲೋ ಕುಯ್ದಿರೋ ಅಷ್ಟು ದುಡ್ಡು. ತೋಟದ ನಡುವೆ ಹೆಂಗಸರಿಗೆ ಶೌಚಾಲಯ ಎಲ್ಲಿದೆ? ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇಲ್ಲವೇ ಕುಯ್ಲು ಮುಗಿಯುವ ತನಕ ಮಾತ್ರೆ ಬಿಡುತ್ತಾರೆ. ಎರಡೂ ಅಪಾಯವೇ. ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ಆ ಮಟ್ಟ ನೋಡಲು ರಕ್ತ ಪರೀಕ್ಷೆ ಆಗಬೇಕು. ಅದನ್ನು ಕೊನೆಯ ಮಾತ್ರೆ ತಗೊಂಡು ಸುಮಾರು 12 ಗಂಟೆ ಆದ ಮೇಲೆ ಮಾಡಬೇಕು. ಅಂದರೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಬೇಕು, ಆ ದಿನದ ಕೂಲಿ ಹೋಯಿತು.

ಪೇಟೆಯಲ್ಲಿ ಕೂತು ತಯಾರಾದ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ‘ಮಾತ್ರೆ ತೆಗೆದುಕೊಳ್ಳಲು ಮರೆಯುತ್ತೀರಾ?’ ಎಂಬ ಪ್ರಶ್ನೆ. ಹೌದು, ಇಲ್ಲ, ಒಂದು ಟಿಕ್. ‘ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೀರಾ?’ ಎಂದು ಕೇಳಲು ನಿಮ್ಮಂಥವರೇ ಬೇಕು. ಅಧ್ಯಯನ ಶುರುವಾಗುವ ಮೊದಲೇ ಅದರ ಪ್ರಶ್ನೆಗಳನ್ನೂ ನೋಡಿ ಒಪ್ಪಿಗೆ ಕೊಡುವುದು ಎಥಿಕ್ಸ್ ಸಮಿತಿ. ಹಾಗಾಗಿ ಅದರ ಒಪ್ಪಿಗೆ ಯಾವ ತಾರೀಖಿಗೆ ಸಿಕ್ಕಿತು ಎಂದು ಆ ತಂಡವನ್ನು ವಿಚಾರಿಸಿ. ನಿಮ್ಮನ್ನು ಕರೆಯುವ ಮೊದಲೇ ಸಿಕ್ಕಿದ್ದರೆ ಪ್ರಶ್ನೆಗಳು ಗಟ್ಟಿಯಾಗಿಬಿಟ್ಟಿವೆ ಎಂದರ್ಥ. ಆದರೂ ದಾರಿ ಇದೆ. ತಿದ್ದುಪಡಿ ಎಂದು ಅದೇ ಸಮಿತಿಗೆ ಮತ್ತೆ ಕಳುಹಿಸಬಹುದು. ಅದಕ್ಕೆ ಅವರು ಮನಸ್ಸು ಮಾಡುತ್ತಾರಾ ಎಂಬುದರಲ್ಲೇ ನಿಮ್ಮ ಸ್ಥಾನ ಏನು ಅಂತ ಗೊತ್ತಾಗುತ್ತದೆ.

ಇನ್ನೂ ದೊಡ್ಡ ಅಧಿಕಾರ ಇರುವುದು ಆಮೇಲೆ, ಕೋಡಿಂಗ್ ಮಾಡುವಾಗ. ಸಂದರ್ಶನಗಳನ್ನು ಬರಹಕ್ಕೆ ಇಳಿಸಿ, ಒಂದೊಂದು ಮಾತಿಗೂ ಒಂದು ಹೆಸರು ಕೊಟ್ಟು ಗುಂಪು ಮಾಡುವ ಕೆಲಸ ಅದು. ಒಬ್ಬಾಕೆ ‘ಕುಯ್ಲು ಮುಗಿಯಲಿ, ಆಮೇಲೆ ನೋಡ್ತೀನಿ ಅಂತ ಬಿಟ್ಟೆ’ ಎಂದಿದ್ದಾಳೆ ಅಂದುಕೊಳ್ಳಿ. ಒಬ್ಬರು ಇದನ್ನು ‘ಕಾಯಿಲೆಯ ಬಗ್ಗೆ ಅರಿವಿನ ಕೊರತೆ’ ಗುಂಪಿಗೆ ಹಾಕುತ್ತಾರೆ. ನೀವು ‘ಕೂಲಿ ಹೋಗುವ ಭಯ’ ಎನ್ನುತ್ತೀರಿ. ಮೊದಲನೆಯದು ಗೆದ್ದರೆ ವರದಿಯ ಕೊನೆಯಲ್ಲಿ ಅರಿವು ಶಿಬಿರ ಮಾಡಿ ಎಂಬ ಸಲಹೆ ಬರುತ್ತದೆ. ಎರಡನೆಯದು ಗೆದ್ದರೆ ಕುಡಿಯುವ ನೀರು, ಶೌಚಾಲಯ, ರಕ್ತ ಪರೀಕ್ಷೆಯ ದಿನ ಕೂಲಿ ಸಹಿತ ರಜೆ ಎಂದು ಬರುತ್ತದೆ. ಮಾತು ಒಂದೇ. ಹತ್ತು ಜನರನ್ನು ಮಾತಾಡಿಸಿ ರೆಕಾರ್ಡಿಂಗ್ ಕೊಟ್ಟು ಮನೆಗೆ ಹೋಗುವವರಿಗೆ ಈ ಜಗಳದಲ್ಲಿ ಜಾಗವೇ ಇರುವುದಿಲ್ಲ.

ಕೇಳುವವರು ಬದಲಾದರೆ ಉತ್ತರವೂ ಬದಲಾಗುತ್ತದೆ ಎನ್ನುವುದಕ್ಕೆ ಆಧಾರವಿದೆ. ಕರೆಂಟ್ ಟ್ರೀಟ್‌ಮೆಂಟ್ ಅಂತಾರಲ್ಲ, ಆ ಇಸಿಟಿ ಬಗ್ಗೆ ಲಂಡನ್ನಿನ ಡಯಾನಾ ರೋಸ್ ಮತ್ತು ಅವರ ಜೊತೆಗಾರರು 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಪ್ರಕಟಿಸಿದರು. ಆ ತಂಡದಲ್ಲಿ ಸ್ವತಃ ಇಸಿಟಿ ಪಡೆದವರಿದ್ದರು. ಹಳೆಯ ಅಧ್ಯಯನಗಳನ್ನೆಲ್ಲ ಜೊತೆಗಿಟ್ಟು ನೋಡಿದರು. ವೈದ್ಯರು ನಡೆಸಿದವು 26, ರೋಗಿಗಳೇ ನಡೆಸಿದ ಅಥವಾ ಅವರು ಸೇರಿ ನಡೆಸಿದವು 9. ಇಸಿಟಿಯಿಂದ ಉಪಯೋಗವಾಯಿತು ಎಂದವರು ವೈದ್ಯರ ಅಧ್ಯಯನಗಳಲ್ಲಿ ಜಾಸ್ತಿ, ರೋಗಿಗಳವುಗಳಲ್ಲಿ ಕಡಿಮೆ. ಚಿಕಿತ್ಸೆ ಮುಗಿದ ಕೂಡಲೇ, ಆಸ್ಪತ್ರೆಯಲ್ಲೇ, ನಾಲ್ಕಾರು ಪ್ರಶ್ನೆ ಕೇಳಿದರೆ ಜನ ಒಳ್ಳೆಯದನ್ನೇ ಹೇಳುತ್ತಾರೆ. ಚಿಕಿತ್ಸೆ ಕೊಟ್ಟ ಡಾಕ್ಟರ ಮುಂದೆ ಕೂತು ಯಾರು ಬೇರೆ ಹೇಳುತ್ತಾರೆ? ಇಸಿಟಿಯಿಂದ ಹೋದ ನೆನಪು ಮರಳಲಿಲ್ಲ ಎಂದವರು ಮೂರರಲ್ಲಿ ಒಬ್ಬರಾದರೂ ಇದ್ದರು.

ಸಂಶೋಧಕರ ಕಷ್ಟವೂ ಇದೆ, ಒಪ್ಪುತ್ತೇನೆ. ಅನುದಾನದ ಲೆಕ್ಕದಲ್ಲಿ ಸಹ-ಸಂಶೋಧಕರಿಗೆ ಅಂತ ಕಾಲಂ ಇರುವುದಿಲ್ಲ. ಹಣ ಕೊಟ್ಟರೆ ಆಮಿಷ ಎಂದು ಎಥಿಕ್ಸ್ ಸಮಿತಿ ಆಕ್ಷೇಪಿಸಬಹುದು ಎಂಬ ಹೆದರಿಕೆಯೂ ಇರುತ್ತದೆ. ಆದರೆ ಆ ಎಚ್ಚರಿಕೆ ಸಂದರ್ಶನ ಕೊಡುವವರ ವಿಷಯದ್ದು. ಹಣದ ಆಸೆಗೆ ಯಾರೂ ಅಧ್ಯಯನಕ್ಕೆ ಒಳಗಾಗಬಾರದು, ಸರಿ. ನೀವು ಸಂದರ್ಶನ ಮಾಡುವವರು. ತಂಡದ ಫೀಲ್ಡ್ ಕೆಲಸದ ಹುಡುಗನಿಗೆ ಸಂಬಳ ಕೊಡುವಾಗ ಅದನ್ನು ಯಾರೂ ಆಮಿಷ ಅನ್ನುವುದಿಲ್ಲ, ಅಲ್ವಾ?

ಲೆಕ್ಕ ಹೀಗೆ ಹಾಕಿ. ಹತ್ತು ಸಂದರ್ಶನ, ಒಂದಕ್ಕೆ ಅರ್ಧ ದಿನ ಅಂದರೂ 5 ದಿನ. ತರಬೇತಿ 2 ದಿನ. ಬರಹಕ್ಕೆ ಇಳಿದದ್ದನ್ನು ಓದಿ ತಿದ್ದಲು 2 ದಿನ. ಕೋಡಿಂಗ್ ಸಭೆ 3 ದಿನ. ಒಟ್ಟು 12. ಹಣ ಕೊಡುವ ಕಡೆಗಳಲ್ಲೂ ಬರೀ ಆ 5 ದಿನಕ್ಕೆ ಕೊಟ್ಟು ಕೈ ತೊಳೆದುಕೊಳ್ಳುವುದುಂಟು. 12 ದಿನಕ್ಕೂ, ಅವರ ಫೀಲ್ಡ್ ಸಿಬ್ಬಂದಿಯ ದರದಲ್ಲೇ ಕೇಳಿ. ಬಸ್ ಚಾರ್ಜು ಬೇರೆ. ಹಣ ಯಾವಾಗ ಕೈಗೆ ಬರುತ್ತದೆ ಎಂದೂ ಬರೆಸಿಕೊಳ್ಳಿ, ಪ್ರಾಜೆಕ್ಟ್ ಮುಗಿದ ಮೇಲೆ ಅಂದರೆ ಒಪ್ಪಬೇಡಿ. ಅಂಗವಿಕಲ ಪಿಂಚಣಿಯಂಥದ್ದು ಏನಾದರೂ ಬರುತ್ತಿದ್ದರೆ ಈ ಆದಾಯದಿಂದ ತೊಂದರೆ ಇದೆಯೇ ಎಂದು ನಾಡಕಚೇರಿಯಲ್ಲಿ ಮೊದಲೇ ವಿಚಾರಿಸಿ.

ನನ್ನ ಸಿಟ್ಟಿಗೆ ಹಳೆಯ ಕಾರಣವೂ ಇದೆ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಬೆಟ್ಟ ಜರಿದಾಗ ಪರಿಹಾರ ಕೇಂದ್ರಗಳಿಗೆ ಫಾರಂ ಹಿಡಿದು ಬಂದವರನ್ನು ನೋಡಿದ್ದೇನೆ. ಮನೆ ಕಳೆದುಕೊಂಡವರಿಗೆ ನಿದ್ದೆ ಬರುತ್ತಾ, ಅಳು ಬರುತ್ತಾ ಎಂದು ಕೇಳಿ ಬರೆದುಕೊಂಡು ಹೋದರು. ಏನು ಕಂಡುಕೊಂಡರು ಅಂತ ಬಂದು ಹೇಳಿದವರನ್ನು ನಾನು ಕಾಣಲಿಲ್ಲ. ಹಾಡಿಗಳಿಗೂ ಹೀಗೇ ಬರುತ್ತಾರೆ. ಯರವರ, ಕುರುಬರ ಮಕ್ಕಳು ಮಾತು ತಿಳಿಸಿಕೊಡಲು ದಿನವಿಡೀ ಜೊತೆಗೆ ತಿರುಗುತ್ತಾರೆ, ವರದಿಯಲ್ಲಿ ಅವರ ಹೆಸರಿರುವುದಿಲ್ಲ. ಕಾಯಿಲೆ ನಮ್ಮದು, ಮಾತು ನಮ್ಮದು, ಡಿಗ್ರಿ ಮಾತ್ರ ಅವರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರಾಜ್ಯ ಪ್ರಾಧಿಕಾರದಲ್ಲೇ ಕಾಯಿಲೆ ಅನುಭವಿಸಿದವರ ಪ್ರತಿನಿಧಿಗಳಿಗೆ ಸ್ಥಾನ ಕೊಟ್ಟಿದೆ. ಕಾನೂನು ಅಷ್ಟು ದೂರ ಬಂದಿರುವಾಗ ಒಂದು ಅಧ್ಯಯನ ತಂಡ ಕೋಡಿಂಗ್ ಸಭೆಯಲ್ಲಿ ಒಂದು ಕುರ್ಚಿ ಕೊಡಲಾರದೇ?

ನಿಮ್ಮ ಮನೆಯವರ ಮಾತಿಗೆ ನಾನು ಒಪ್ಪುವುದಿಲ್ಲ. ಮರ್ಯಾದೆ ಕೊಡುವವರು ದುಡಿಮೆಗೆ ಹಣವನ್ನೂ ಕೊಡುತ್ತಾರೆ.

ಇನ್ನು ಕೆಲವು ವಿಷಯ ಒಪ್ಪಂದದಲ್ಲಿ ಇರಲೇಬೇಕು. ಒಬ್ಬರೇ ಹೋಗಬೇಡಿ, ಅನುಭವ ಇರುವ ಇನ್ನೊಬ್ಬರನ್ನೂ ಸೇರಿಸಿಕೊಳ್ಳಲು ಹೇಳಿ. ಡಾಕ್ಟರು, ಪ್ರೊಫೆಸರುಗಳ ನಡುವೆ ಒಂಟಿ ದನಿ ಬೇಗ ಅಡಗುತ್ತದೆ. ನಮ್ಮದು ಚಿಕ್ಕ ಊರು. ಪರಿಚಯದವರು ಎದುರಾದರೆ ಆ ಸಂದರ್ಶನ ಬೇರೆಯವರಿಗೆ ಹೋಗಲಿ. ಮಧ್ಯೆ ನಿಮಗೆ ಹುಷಾರು ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು, ಆವರೆಗಿನ ಕೆಲಸದ ಹಣ ಹೇಗೆ ಬರುತ್ತದೆ, ಮತ್ತೆ ಬಂದು ಸೇರಬಹುದೇ ಎಂಬುದನ್ನು ಈಗಲೇ ತೀರ್ಮಾನಿಸಿ. ಕೊನೆಯದು, ನಿಮ್ಮ ಹೆಸರು. ಲೇಖಕರ ಪಟ್ಟಿಯಲ್ಲಿ ಅದು ಬಂದರೆ ನಿಮ್ಮ ಕಾಯಿಲೆಯೂ ಎಲ್ಲರಿಗೂ ಗೊತ್ತಾಗುತ್ತದೆ, ಅಚ್ಚಾದ ಮೇಲೆ ಅಳಿಸಲು ಆಗುವುದಿಲ್ಲ. ಅದಕ್ಕೆ ಸ್ವಂತ ಹೆಸರೋ, ಬದಲಿ ಹೆಸರೋ ಎಂಬ ತೀರ್ಮಾನ ಲೇಖನ ಪ್ರಕಟಣೆಗೆ ಹೋಗುವ ದಿನದವರೆಗೂ ನಿಮ್ಮದೇ ಎಂದು ಬರೆಸಿಕೊಂಡು ಸಹಿ ಹಾಕಿ.
– ಸಂ.