ಬೀಗ ಬಿದ್ದ ನೀರಿನ ಘಟಕ ಮತ್ತು ನನ್ನ ಅರ್ಧ ಪುಟ

ಪ್ರಶ್ನೆ: ಬರೀ ಸಮಸ್ಯೆಯ ಸುದ್ದಿ ಬರೆದು ಸಾಕಾಗಿದೆ. ಸಮಸ್ಯೆಗೆ ಯಾರು, ಹೇಗೆ ದಾರಿ ಕಂಡುಕೊಂಡರು ಅಂತ ವರದಿ ಮಾಡುವ ಪರಿಹಾರ ಪತ್ರಿಕೋದ್ಯಮಕ್ಕೆ ಹೊರಳಿದರೆ ಓದುಗರಿಗೂ ಸ್ವಲ್ಪ ಭರವಸೆ ಸಿಗುತ್ತದೆ ಅಲ್ವಾ?

ನಾನೂ ಇದೇ ಬೇಜಾರಿನಲ್ಲಿ ಹೊರಳಿದವನು. ಪಾವಗಡದ ಕಡೆ ಫ್ಲೋರೈಡ್ ನೀರಿನ ಬಗ್ಗೆ ವರ್ಷಗಟ್ಟಲೆ ಬರೆದೆ. ಕಲೆಗಟ್ಟಿದ ಹಲ್ಲು, ಸೊಟ್ಟಗಾದ ಕಾಲು, ಅದೇ ಫೋಟೊ, ಅದೇ ಹೆಡ್ಡಿಂಗು. ಆಮೇಲೆ ಒಂದು ಊರಿಗೆ ಶುದ್ಧ ನೀರಿನ ಘಟಕ ಬಂತು. ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಖುಷಿಯಿಂದ ಅರ್ಧ ಪುಟ ಬರೆದೆ.

ಏಳು ತಿಂಗಳ ಮೇಲೆ ಹೋದರೆ ಬಾಗಿಲಿಗೆ ಬೀಗ.

ನಾನು ಮೊದಲು ಹೋಗಿದ್ದು ಘಟಕ ಶುರುವಾದ ಒಂಬತ್ತನೇ ದಿನ. ಒಂಬತ್ತು ದಿನಕ್ಕೆ ಯಾವ ಆರ್‌ಒ ಯಂತ್ರ ಕೆಡುತ್ತದೆ ಹೇಳಿ? ಗಡಸು ನೀರಿಗೆ ಅದರೊಳಗಿನ ನೀರು ಸೋಸುವ ಮೆಂಬ್ರೇನ್ ಮೇಲೆ ನಿಧಾನಕ್ಕೆ ಸುಣ್ಣದಂಥ ಪದರ ಕಟ್ಟುತ್ತದೆ. ಬರುವ ನೀರು ಸಣ್ಣದಾಗುತ್ತದೆ. ಕೊನೆಗೆ ಮೆಂಬ್ರೇನನ್ನೇ ಬದಲಿಸಬೇಕು. ಆ ದುಡ್ಡು ಯಾರು ಕೊಡುತ್ತಾರೆ ಅಂತ ನಾನು ಕೇಳಲಿಲ್ಲ. ಕಾಯಿನ್ ಡಬ್ಬಿಯ ಲೆಕ್ಕ ನೋಡಲಿಲ್ಲ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಇದು ಗೊತ್ತಿದ್ದೂ ನೀರು ಪರೀಕ್ಷೆ ಮಾಡಿಸದೆ ಗೋಡೆಯ ಬೋರ್ಡಿನಲ್ಲಿದ್ದದ್ದನ್ನೇ ಬರೆದುಕೊಂಡು ಬಂದೆ. ಯಾರ ಅಡುಗೆಮನೆಗೂ ಹೋಗಲಿಲ್ಲ. ಹೋಗಿದ್ದರೆ ಅನ್ನ, ಸಾರು ಎಲ್ಲ ಬೋರ್‌ವೆಲ್ ನೀರಿನಲ್ಲೇ ಬೇಯುತ್ತಿದ್ದದ್ದು ಕಾಣುತ್ತಿತ್ತು.

ಊರಿನವರು ರಿಪೇರಿ ಕೇಳಿಕೊಂಡು ಹೋದಾಗ ಅಧಿಕಾರಿಯೊಬ್ಬರು ಹೇಳಿದರಂತೆ, "ನಿಮ್ಮೂರಲ್ಲಿ ಸಮಸ್ಯೆ ಮುಗಿದಿದೆ ಅಂತ ಪೇಪರಲ್ಲೇ ಬಂದಿದೆಯಲ್ಲ!" ನನ್ನ ಹಳೆಯ ಸಮಸ್ಯೆ ಸುದ್ದಿಗಳು ಏನೂ ಮಾಡದೇ ಇರಬಹುದು, ಇಂಥ ಕೆಡುಕನ್ನಂತೂ ಮಾಡಿರಲಿಲ್ಲ.

ಹಾಗಾಗಿ ನಿಮ್ಮ 'ಭರವಸೆ' ಮಾತನ್ನು ನಾನು ಒಪ್ಪುವುದಿಲ್ಲ. ಭರವಸೆ ಕೊಡುವುದು ಈ ಪತ್ರಿಕೋದ್ಯಮದ ಕೆಲಸ ಅಲ್ಲ. 2015ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ 'ದಿ ಪ್ಲೇನ್ ಡೀಲರ್' ಪತ್ರಿಕೆ ಮಾಡಿದ್ದನ್ನು ನೋಡಿ. ಅಲ್ಲಿ ಹಳೆ ಮನೆಗಳ ಪೇಂಟಿನಲ್ಲಿದ್ದ ಸೀಸ ಮಕ್ಕಳ ರಕ್ತಕ್ಕೆ ಸೇರುತ್ತಿತ್ತು. ನಗರಾಡಳಿತ ಎಲ್ಲಿ ಎಡವಿದೆ ಅಂತ ಪತ್ರಿಕೆ ಮೊದಲು ಅಗೆದು ತೆಗೆಯಿತು. ಅದರ ಜೊತೆಗೇ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರವನ್ನು ಪಕ್ಕದಲ್ಲಿಟ್ಟು ಹೋಲಿಸಿ ತೋರಿಸಿತು. ಅಲ್ಲಿ 2005ರ ಕಾನೂನಿನ ಪ್ರಕಾರ ಮಗುವಿಗೆ ಕಾಯಿಲೆ ಬರುವವರೆಗೆ ಕಾಯುವುದಿಲ್ಲ, ಬಾಡಿಗೆ ಮನೆಗಳನ್ನು ಮೊದಲೇ ತಪಾಸಣೆ ಮಾಡುತ್ತಾರೆ. ಅಂಥದ್ದೇ ಬಡತನ, ಅಂಥದ್ದೇ ಹಳೆ ಮನೆಗಳಿರುವ ಊರು ಮಾಡಿ ತೋರಿಸಿದ ಮೇಲೆ "ನಮ್ಮ ಕೈಲಿ ಆಗಲ್ಲ" ಅನ್ನುವ ನೆಪಕ್ಕೆ ಬೆಲೆ ಇರುವುದಿಲ್ಲ. 2019ರಲ್ಲಿ ಕ್ಲೀವ್‌ಲ್ಯಾಂಡಿನಲ್ಲೂ ಬಾಡಿಗೆ ಮನೆಗಳಿಗೆ ಸೀಸದ ಕಾನೂನು ಬಂತು. ಇಲ್ಲಿ ಪರಿಹಾರದ ವರದಿ ಸಮಸ್ಯೆಯ ವರದಿಯನ್ನು ಇನ್ನಷ್ಟು ಖಾರ ಮಾಡಿತು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೊರಳಿದ್ದಲ್ಲ.

ನೀವು ಹೋಗುವುದಾದರೆ ಘಟಕ ಒಂದು ಬೇಸಿಗೆಯನ್ನಾದರೂ ದಾಟಿದ ಮೇಲೆ ಹೋಗಿ. ಪಕ್ಕದೂರಿನಲ್ಲಿ ನಿಂತುಹೋದ ಘಟಕವನ್ನೂ ನೋಡಿ. ಯಾಕೆ ಇದು ನಡೀತು, ಅದು ನಿಂತಿತು ಅಂತ ಕೇಳಿ. ಬೀಗದ ಕೈ ಯಾರ ಹತ್ತಿರ ಇದೆ ಅಂತಲೂ ಕೇಳಿ.