ಮೂಟ್ ಮೆಮೋರಿಯಲ್‌ನಲ್ಲಿ ಹಸ್ತಕ್ಷೇಪದ ವಾದ

ಪ್ರಶ್ನೆ: ಬಳ್ಳಾರಿಯಲ್ಲಿ ಎಲ್‌ಎಲ್‌ಬಿ ಓದ್ತಿದ್ದೀನಿ ಸರ್. ಮೂಟ್‌ನಲ್ಲಿ, ಅಂದ್ರೆ ಅಣಕು ನ್ಯಾಯಾಲಯ ಸ್ಪರ್ಧೆಯಲ್ಲಿ, ನಮ್ಮದು ಅರ್ಜಿದಾರ ದೇಶ. ಪಕ್ಕದ ದೇಶ ನಮ್ಮ ಬಂಡುಕೋರರಿಗೆ ದುಡ್ಡು ಕೊಟ್ಟಿದೆ, ವ್ಯಾಪಾರವನ್ನೂ ನಿಲ್ಲಿಸಿದೆ. ಮೆಮೋರಿಯಲ್‌ನಲ್ಲಿ, ಅಂದ್ರೆ ಲಿಖಿತ ವಾದಪತ್ರದಲ್ಲಿ, ಇದು ಹಸ್ತಕ್ಷೇಪ ಅನ್ನೋ ವಾದ ಹೇಗೆ ಜೋಡಿಸಲಿ?

ಉತ್ತರ: ನ್ಯಾಯವ್ಯಾಪ್ತಿ, ಸಂಗತಿಗಳು, ಕೊನೆಯ ಪ್ರಾರ್ಥನೆ ಎಲ್ಲ ಮಾಮೂಲು. ಜೀವ ಇರೋದು ನಡುವಿನ ವಾದದಲ್ಲಿ. ಅಮೆರಿಕದ ವಿರುದ್ಧ ನಿಕರಾಗುವಾ ಹೂಡಿದ ಮೊಕದ್ದಮೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 1986ರಲ್ಲಿ ಕೊಟ್ಟ ತೀರ್ಪಿನಂತೆ, ಹಸ್ತಕ್ಷೇಪ ಅನ್ನಿಸಿಕೊಳ್ಳಲು ವಿಷಯ ನಿಮ್ಮ ದೇಶವೇ ಸ್ವತಂತ್ರವಾಗಿ ತೀರ್ಮಾನಿಸುವಂಥದ್ದಾಗಿರಬೇಕು, ಜೊತೆಗೆ ಬಲವಂತ ಇರಬೇಕು. ದುಡ್ಡಿನಿಂದಲೇ ಶುರು ಮಾಡಿ: ಬರೀ ಹಣ ಕೊಡುವುದು ಬಲಪ್ರಯೋಗವಲ್ಲ, ಆದರೆ ಹಸ್ತಕ್ಷೇಪ ಹೌದು ಅಂತ ಕೋರ್ಟೇ ಹೇಳಿದೆ. ಬಂಡುಕೋರರ ಕೃತ್ಯಗಳನ್ನೆಲ್ಲ ಆ ದೇಶದ ತಲೆಗೆ ಕಟ್ಟಲು ಹೋಗಬೇಡಿ. ಅದಕ್ಕೆ ಆ ಕೃತ್ಯಗಳು ನಡೆದ ಕಾರ್ಯಾಚರಣೆಗಳ ಮೇಲೆ ಆ ದೇಶಕ್ಕೆ ಪರಿಣಾಮಕಾರಿ ನಿಯಂತ್ರಣ ಇತ್ತು ಅಂತ ತೋರಿಸಬೇಕಾಗುತ್ತೆ. ರಾಯಚೂರಿನಲ್ಲಿ ಓದುವಾಗ ನಾನು ಎಡವಿದ್ದು ಇಲ್ಲೇ. ಹಣ ಕೊಟ್ಟದ್ದು ಅವರ ಸ್ವಂತ ಕೃತ್ಯ, ಅಷ್ಟು ಸಾಕು. ವ್ಯಾಪಾರ ನಿಷೇಧದ ಎಳೆ ದುರ್ಬಲ. ಅದನ್ನು ಆ ಕೋರ್ಟು ಹಸ್ತಕ್ಷೇಪ ಎನ್ನಲಿಲ್ಲ. ಸ್ನೇಹ-ವಾಣಿಜ್ಯ ಒಪ್ಪಂದವಿದ್ದರೆ ಅದರಡಿ ಬೇರೆ ವಾದ ಹೂಡಿ.