ಲಾಟರಿ ನಂಬರು, ಸಾವಿನ ತಾರೀಖು: ಎರಡೂ ಹೇಳಲಾರೆ

ಪ್ರಶ್ನೆ: ಗುರುಗಳೇ, ಭರಣಿ ನಕ್ಷತ್ರ. ಬೆಳಗ್ಗೆ ಸುಮಾರು 5 ಗಂಟೆ, ಹಾಲು ಕರೆಯೋ ಹೊತ್ತಿಗೆ ಹುಟ್ಟಿದ್ದು. ಸಾವಿರ ರೂಪಾಯಿ ದಕ್ಷಿಣೆ ಕಳಿಸಿದ್ದೇನೆ. ಕೇರಳದ ಓಣಂ ಬಂಪರ್‌ನ ಸರಿಯಾದ ನಂಬರು, ನಾನು ಸಾಯುವ ತಾರೀಖು, ಎರಡನ್ನೂ ಖಚಿತವಾಗಿ ಹೇಳಿ. ಆಸ್ತಿ ಹಂಚಬೇಕು. ಸುತ್ತಿಬಳಸಿ ಹೇಳಬೇಡಿ.
(ಮಂಗಳೂರಿನ ಓದುಗರು)

ಉತ್ತರ: ನಮಸ್ಕಾರ. ಮೊದಲು ನಂಬರಿನ ಮಾತು. ಜಾತಕದಲ್ಲಿ ಇರುವುದು ಹನ್ನೆರಡು ಮನೆ, ಒಂಬತ್ತು ಗ್ರಹ. ಎರಡನೇ ಮನೆ, ಹನ್ನೊಂದನೇ ಮನೆ ನೋಡಿ ಧನಯೋಗ ಅನ್ನುತ್ತೇವೆ. ಅದರಿಂದ ಆರು ಅಂಕಿ ತೆಗೆಯುವ ಲೆಕ್ಕ ನಮ್ಮ ಶಾಸ್ತ್ರದಲ್ಲಿ ಇಲ್ಲ. ಕೇರಳದ ಟಿಕೆಟ್‌ನಲ್ಲಿ ನಂಬರು ಮೊದಲೇ ಅಚ್ಚಾಗಿರುತ್ತದೆ. ನಾನು ಒಂದು ಹೇಳಿದರೂ ಆ ಟಿಕೆಟ್ ಯಾವ ಊರಿನ ಅಂಗಡಿಯಲ್ಲಿದೆ ಎಂದು ಎಲ್ಲಿ ಹುಡುಕುತ್ತೀರಿ? ಇನ್ನು ನಂಬರು ನಿಜಕ್ಕೂ ಗೊತ್ತಿರುವ ಜೋಯಿಸನಿಗೆ ನಿಮ್ಮ ಸಾವಿರ ರೂಪಾಯಿ ಯಾಕೆ ಬೇಕು, ಅಲ್ವಾ?

ಸಾವಿನ ತಾರೀಖಿಗೆ ಬರೋಣ. ಭರಣಿಯವರಿಗೆ ಹುಟ್ಟುವಾಗ ಶುಕ್ರದಶೆ. ಅದು ಒಟ್ಟು 20 ವರ್ಷ. ಹುಟ್ಟಿದ ಗಳಿಗೆಗೆ ಚಂದ್ರ ನಕ್ಷತ್ರದಲ್ಲಿ ಎಷ್ಟು ದೂರ ಬಂದಿದ್ದಾನೆ ಎಂಬುದರ ಮೇಲೆ ಅದರಲ್ಲಿ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುತ್ತೇವೆ. ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ ಬೇಕು. ಅಂದರೆ ಆ ಒಂದು ದಿನದಲ್ಲಿ 20 ವರ್ಷ ಅಡಗಿದೆ. ಹುಟ್ಟಿದ ಹೊತ್ತು ಒಂದು ನಿಮಿಷ ಆಚೀಚೆಯಾದರೆ ದಶೆ ಐದು ದಿನ ಸರಿಯುತ್ತದೆ. ಹಾಲು ಕರೆಯೋ ಹೊತ್ತು 4.40 ಇರಬಹುದು, 5.20 ಇರಬಹುದು. ನಲವತ್ತು ನಿಮಿಷಕ್ಕೆ ಇನ್ನೂರು ದಿನ! ಮುಂದಿನ ಎಲ್ಲ ದಶೆಗಳೂ ಅಷ್ಟೇ ಸರಿಯುತ್ತವೆ.

ಗಡಿಯಾರ ಸರಿಯಿದ್ದರೂ ಕಷ್ಟವೇ. ರಾಶಿಚಕ್ರ ಎಲ್ಲಿಂದ ಶುರು ಎಂದು ತಿಳಿಸುವ ಲೆಕ್ಕಕ್ಕೆ ಅಯನಾಂಶ ಅನ್ನುತ್ತೇವೆ. ಲಾಹಿರಿ ಅಯನಾಂಶಕ್ಕೂ ಬೆಂಗಳೂರಿನ ಜ್ಯೋತಿಷಿ ಬಿ.ವಿ. ರಾಮನ್ ಅವರ ಅಯನಾಂಶಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸವಿದೆ. ಶುಕ್ರದಶೆಯಲ್ಲಿ ಅದು ಎರಡು ವರ್ಷಕ್ಕೂ ಜಾಸ್ತಿ. ಆಯುಸ್ಸಿಗೆ ಪಿಂಡಾಯು, ನಿಸರ್ಗಾಯು, ಅಂಶಾಯು ಎಂದು ಬೇರೆ ಬೇರೆ ಲೆಕ್ಕಗಳಿವೆ. ಒಂದೇ ಕುಂಡಲಿಗೆ ಮೂರೂ ಮೂರು ಉತ್ತರ ಕೊಡುತ್ತವೆ. ಹಾಗಾಗಿ ಅಲ್ಪಾಯು, ಮಧ್ಯಾಯು, ದೀರ್ಘಾಯು ಎಂಬ ಮಾತಿಗೇ ಹಿಂದಿನವರು ನಿಲ್ಲುತ್ತಿದ್ದರು. ನಾನು ಅದನ್ನೂ ಹೇಳುವುದಿಲ್ಲ. ಹೇಳಿಸಿಕೊಂಡು ಹೋದವರು ಆ ವರ್ಷ ಬಂದಾಗ ಊಟ ಬಿಟ್ಟು ಕೂತದ್ದನ್ನು ಕಂಡಿದ್ದೇನೆ.

ಆಸ್ತಿ ಹಂಚಲು ತಾರೀಖು ಬೇಕಿಲ್ಲ. ಬಿಳಿ ಹಾಳೆಯಲ್ಲಿ ಉಯಿಲು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ನೀವು ಸಹಿ ಮಾಡಿ, ಅವರಿಂದಲೂ ಮಾಡಿಸಿ. ಆಸ್ತಿ ಪಡೆಯುವವರು ಸಾಕ್ಷಿಯಾಗುವುದು ಬೇಡ. ಛಾಪಾ ಕಾಗದ, ನೋಂದಣಿ ಕಡ್ಡಾಯವಲ್ಲ. ನೋಂದಣಿ ಮಾಡಿಸಿದರೆ ಆಮೇಲೆ ತಕರಾರು ಕಮ್ಮಿ. ಆದರೆ ಈ ಪ್ರಶ್ನೆಯ ಹಿಂದೆ ಯಾವುದಾದರೂ ಕಾಯಿಲೆಯೋ, ಬದುಕೇ ಬೇಡ ಅನ್ನುವ ಬೇಸರವೋ ಇದ್ದರೆ ನನಗಿಂತ ಮೊದಲು ಡಾಕ್ಟರ ಹತ್ತಿರ ಹೋಗಿ.

ನಿಮ್ಮ ಸಾವಿರ ರೂಪಾಯಿ ಮನಿಯಾರ್ಡರ್ ಮೂಲಕ ವಾಪಸ್ ಕಳಿಸಿದ್ದೇನೆ.